ಸಲೂನಿನ ಶೆಲ್ಫಿನಲ್ಲಿ ಶಾಂಪೂ ಮಾರುವವರಿಗೆ: ಲಾಭದ ಲೆಕ್ಕ, ಸಲಹೆಯ ಕ್ರಮ, ಬೇಡವೆನ್ನಬೇಕಾದ ಸಂದರ್ಭ

ಬೆಂಗಳೂರಿನ ಹೊರಬಡಾವಣೆಯೊಂದರಲ್ಲಿ ನಾಲ್ಕು ಕುರ್ಚಿಗಳ ಮಹಿಳೆಯರ ಸಲೂನ್ ಇದೆ ಎಂದು ಇಟ್ಟುಕೊಳ್ಳೋಣ. ಬಡಾವಣೆಗೆ ಬರುವುದು ಬೋರ್‌ವೆಲ್ ನೀರು, ಇಲ್ಲವೇ ಟ್ಯಾಂಕರ್ ನೀರು. ಅಲ್ಲಿನ ಮುಖ್ಯ ಕೆಲಸ ಕಟ್, ಕಲರ್ ಮತ್ತು ಸ್ಮೂತನಿಂಗ್. ಬಿಲ್ಲಿಂಗ್ ಮೇಜಿನ ಹಿಂದೆ ಒಂದು ಗಾಜಿನ ಶೆಲ್ಫ್ ಇದೆ. ಅದರಲ್ಲಿ ಶಾಂಪೂ, ಕಂಡೀಷನರ್, ಸೀರಮ್ ಬಾಟಲಿಗಳು ಧೂಳು ಹಿಡಿದು ನಿಂತಿವೆ. ಡಿಸ್ಟ್ರಿಬ್ಯೂಟರ್ ಕಳಿಸಿದ್ದನ್ನೆಲ್ಲ ಇಳಿಸಿಕೊಂಡಿದ್ದಾರೆ, ತಿಂಗಳಿಗೆ ಏಳೆಂಟು ಬಾಟಲಿ ಹೋಗುತ್ತವೆ. ಇಂಥ ಸಲೂನುಗಳು ನಮ್ಮಲ್ಲಿ ಬಹಳ ಇರುವುದರಿಂದ ಈ ಲೇಖನ ಇದೊಂದೇ ಉದಾಹರಣೆಯನ್ನು ಹಿಡಿದು ಸಾಗುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಶೆಲ್ಫಿನಿಂದ ಹಣ ಬರುವುದು ಮೊದಲ ಬಾಟಲಿಯಿಂದಲ್ಲ, ಅದೇ ಗ್ರಾಹಕಿ ಬಾಟಲಿ ಮುಗಿಸಿ ಬಂದು ಕೊಳ್ಳುವ ಎರಡನೆಯ ಬಾಟಲಿಯಿಂದ. ಹಾಗಾಗಿ ಏನು ಕೊಂಡು ತರಬೇಕು, ಯಾರಿಗೆ ಹೇಳಬೇಕು, ಯಾರಿಗೆ ಬೇಡವೆನ್ನಬೇಕು ಎಂಬುದನ್ನೆಲ್ಲ ಆ ಎರಡನೆಯ ಬಾಟಲಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ತೀರ್ಮಾನಿಸಬೇಕು.

ಒಂದನೆಯ ಹಂತ: ಶೆಲ್ಫಿಗೆ ಏನು ಬೇಕೆಂದು ನಿಮ್ಮ ರಿಜಿಸ್ಟರನ್ನೇ ಕೇಳಿ

ಡಿಸ್ಟ್ರಿಬ್ಯೂಟರನ ಸೇಲ್ಸ್‌ಮನ್ ತರುವ ಪಟ್ಟಿಯನ್ನು ನೋಡುವ ಮೊದಲು ಕಳೆದ ಮೂರು ತಿಂಗಳ ಬಿಲ್ಲುಗಳನ್ನು ತೆಗೆದು, ಯಾವ ಸರ್ವೀಸ್ ಎಷ್ಟು ಸಲ ನಡೆದಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸ್ಮೂತನಿಂಗ್ ಮತ್ತು ಕಲರ್ ಮಾಡಿಸಿಕೊಂಡವರಿಗೆ ಮನೆಯಲ್ಲಿ ಸಲ್ಫೇಟ್ ಇಲ್ಲದ ಮೃದುವಾದ ಶಾಂಪೂ ಮತ್ತು ಕಂಡೀಷನರ್ ಬೇಕಾಗುತ್ತದೆ. ಏಕೆಂದರೆ ತೀಕ್ಷ್ಣವಾದ ಶಾಂಪೂವಿನಿಂದ ಮೇಲಿಂದ ಮೇಲೆ ತೊಳೆದರೆ ಬಣ್ಣ ಬೇಗ ಮಾಸುತ್ತದೆ, ಕೂದಲು ಒರಟಾಗುತ್ತದೆ. ಗಡಸು ನೀರಿನ ಬಡಾವಣೆಯಲ್ಲಿ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಂಶಗಳು ಕೂದಲಿನ ಮೇಲೆ ಕೂರುವುದರಿಂದ, ತಿಂಗಳಿಗೆ ಒಂದೆರಡು ಸಲ ಬಳಸುವ ಕ್ಲಾರಿಫೈಯಿಂಗ್ ಶಾಂಪೂ ಉಪಯೋಗಕ್ಕೆ ಬರುತ್ತದೆ. ಹೊಟ್ಟಿನ ದೂರು ಎಲ್ಲ ಸಲೂನುಗಳಲ್ಲೂ ಇರುವಂಥದ್ದು. ಐರನಿಂಗ್ ಮತ್ತು ಬ್ಲೋಡ್ರೈ ಮಾಡಿಸಿಕೊಳ್ಳುವವರಿಗೆ ಒಂದು ಸೀರಮ್ ಸಾಕು. ಅಲ್ಲಿಗೆ ಐದೇ ಐದು ಉತ್ಪನ್ನಗಳಾದವು, ನಾಲ್ಕು ಕುರ್ಚಿಗಳ ಸಲೂನಿಗೆ ಅಷ್ಟು ಧಾರಾಳವಾಗಿ ಸಾಕು.

ಹತ್ತು ಬಗೆಯ ಉತ್ಪನ್ನಗಳನ್ನು ಆರಾರರಂತೆ ತಂದರೆ ಅರವತ್ತು ಬಾಟಲಿಗಳಾಗುತ್ತವೆ. ಸರಾಸರಿ ಖರೀದಿ ಬೆಲೆ 500 ರೂಪಾಯಿ ಎಂದು ಹಿಡಿದರೂ 30,000 ರೂಪಾಯಿ ಗಾಜಿನ ಹಿಂದೆ ಕೂತಿರುತ್ತದೆ. ತಿಂಗಳಿಗೆ ಎಂಟು ಬಾಟಲಿ ಮಾರಾಟವಾಗುವ ಸಲೂನಿನಲ್ಲಿ ಆ ಸ್ಟಾಕ್ ಖಾಲಿಯಾಗಲು ಏಳೂವರೆ ತಿಂಗಳು ಬೇಕು. ಐದು ಬಗೆಯನ್ನು ನಾಲ್ಕು ನಾಲ್ಕರಂತೆ ತಂದರೆ ಕೂರುವ ಹಣ 10,000 ರೂಪಾಯಿ, ಅದು ಎರಡೂವರೆ ತಿಂಗಳಲ್ಲಿ ತಿರುಗಿ ಕೈಗೆ ಬರುತ್ತದೆ. ಬಾಟಲಿಗಳು ಹೆಚ್ಚಿದ್ದರೆ ಶೆಲ್ಫ್ ತುಂಬಿದಂತೆ ಕಾಣುವುದು ನಿಜ. ಆದರೆ ಪ್ರತಿ ಉತ್ಪನ್ನದ ಬಗ್ಗೆಯೂ ಮಾತನಾಡಬಲ್ಲ ಸ್ಟೈಲಿಸ್ಟ್ ಇಲ್ಲದಿದ್ದರೆ ತುಂಬಿದ ಶೆಲ್ಫಿನಿಂದ ಪ್ರಯೋಜನವಿಲ್ಲ. ಐದು ಉತ್ಪನ್ನಗಳನ್ನಾದರೆ ನಿಮ್ಮಲ್ಲಿ ಕೆಲಸಕ್ಕೆ ಸೇರಿದ ಹೊಸ ಹುಡುಗಿಯೂ ಒಂದು ವಾರದಲ್ಲಿ ಚೆನ್ನಾಗಿ ತಿಳಿದುಕೊಳ್ಳುತ್ತಾಳೆ.

ಇನ್ನೊಂದು ನಿಯಮವನ್ನು ಕಟ್ಟುನಿಟ್ಟಾಗಿ ಇಟ್ಟುಕೊಳ್ಳಿ. ಬೇಸಿನ್ನಿನಲ್ಲಿ ನೀವು ಬಳಸದ ಶಾಂಪೂವನ್ನು ಶೆಲ್ಫಿನಲ್ಲಿ ಇಡಬೇಡಿ. ನಿಮ್ಮ ಕೈಯಿಂದ ಹತ್ತಾರು ತಲೆಗಳ ಮೇಲೆ ಬಳಸಿ ನೋಡಿದ ವಸ್ತುವಿನ ಬಗ್ಗೆ ಆಡುವ ಮಾತಿಗೂ ಕಂಪನಿಯ ಕರಪತ್ರವನ್ನು ಓದಿ ಆಡುವ ಮಾತಿಗೂ ಇರುವ ವ್ಯತ್ಯಾಸ ಗ್ರಾಹಕರಿಗೆ ತಕ್ಷಣ ಗೊತ್ತಾಗುತ್ತದೆ.

ಎರಡನೆಯ ಹಂತ: ಲಾಭವನ್ನು ಸರಿಯಾದ ಬೆಲೆಯ ಮೇಲೆ ಲೆಕ್ಕ ಹಾಕಿ

ಇಲ್ಲಿ ಆಗುವ ತಪ್ಪು ಬಹುತೇಕ ಒಂದೇ ಬಗೆಯದು. ಡಿಸ್ಟ್ರಿಬ್ಯೂಟರ್ ತನ್ನ ಬೆಲೆಯನ್ನು ಜಿಎಸ್‌ಟಿ ಸೇರಿಸದೆ ಹೇಳುತ್ತಾನೆ, ಎಂಆರ್‌ಪಿಯನ್ನು ಮಾತ್ರ ಜಿಎಸ್‌ಟಿ ಸಹಿತವಾಗಿ ತೋರಿಸುತ್ತಾನೆ. ಎರಡರ ನಡುವಿನ ಅಂತರವನ್ನೆಲ್ಲ ಲಾಭವೆಂದು ನಾವು ನಂಬಿಬಿಡುತ್ತೇವೆ. ಕಂಡೀಷನರ್ ಒಂದರ ಎಂಆರ್‌ಪಿ 590 ರೂಪಾಯಿ, ಡಿಸ್ಟ್ರಿಬ್ಯೂಟರ್ ಹೇಳುವ ಬೆಲೆ 375 ರೂಪಾಯಿ ಎಂದುಕೊಳ್ಳಿ. ಮೇಲ್ನೋಟಕ್ಕೆ 215 ರೂಪಾಯಿ ಉಳಿಯುತ್ತದೆ, ಅಂದರೆ ಶೇಕಡಾ 36ರಷ್ಟು. ಆದರೆ ಕಂಡೀಷನರಿನ ಮೇಲೆ ಶೇಕಡಾ 18ರಷ್ಟು ಜಿಎಸ್‌ಟಿ ಇರುವುದರಿಂದ 590ರಲ್ಲಿ 90 ರೂಪಾಯಿ ತೆರಿಗೆಯೇ ಆಗಿದ್ದು, ನಿಜವಾದ ಮಾರಾಟ ಬೆಲೆ 500 ಮಾತ್ರ. 375ಕ್ಕೆ ಕೊಂಡು 500ಕ್ಕೆ ಮಾರಿದಾಗ ಉಳಿಯುವುದು 125 ರೂಪಾಯಿ, ಅಂದರೆ ಶೇಕಡಾ 25. ನಿಮಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಕೊಳ್ಳುವಾಗ ಕೊಟ್ಟ ತೆರಿಗೆ ವಾಪಸು ಬರುವುದಿಲ್ಲವಾದ್ದರಿಂದ ಖರ್ಚು 442 ರೂಪಾಯಿ 50 ಪೈಸೆ, ಉಳಿಯುವುದು 147 ರೂಪಾಯಿ 50 ಪೈಸೆ. ಶೇಕಡಾವಾರು ನೋಡಿದರೆ ಅದೂ 25ಕ್ಕೇ ಬರುತ್ತದೆ. ಹೀಗಾಗಿ ತೆರಿಗೆ ಇಲ್ಲದ ಬೆಲೆಯನ್ನು ತೆರಿಗೆ ಇಲ್ಲದ ಬೆಲೆಯ ಜೊತೆ, ತೆರಿಗೆ ಸೇರಿದ್ದನ್ನು ತೆರಿಗೆ ಸೇರಿದ್ದರ ಜೊತೆ ಮಾತ್ರ ಹೋಲಿಸಬೇಕು.

2025ರ ಸೆಪ್ಟೆಂಬರ್ 22ರಿಂದ ಶಾಂಪೂ ಮತ್ತು ತಲೆಗೆ ಹಚ್ಚುವ ಎಣ್ಣೆಯ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಕಂಡೀಷನರ್, ಹೇರ್ ಕಲರ್‌ಗಳ ಮೇಲೆ 18 ಹಾಗೆಯೇ ಉಳಿದಿದೆ. ಒಂದೇ ಶೆಲ್ಫಿನಲ್ಲಿ ಎರಡು ದರಗಳಿರುವುದರಿಂದ ಪ್ರತಿ ಉತ್ಪನ್ನದ ಲೆಕ್ಕವನ್ನೂ ಬೇರೆ ಬೇರೆಯಾಗಿಯೇ ಮಾಡಬೇಕು. ಅದೇ ದಿನದಿಂದ ಸಲೂನ್ ಸೇವೆಗಳ ಮೇಲಿನ ತೆರಿಗೆಯೂ 5ಕ್ಕೆ ಇಳಿಯಿತು, ಆದರೆ ಸೇವೆಗೆಂದು ಕೊಂಡ ವಸ್ತುಗಳ ಮೇಲೆ ಕೊಟ್ಟ ತೆರಿಗೆಯನ್ನು ಹಿಂಪಡೆಯುವ ಸೌಲಭ್ಯ ಹೋಯಿತು. ಆದ್ದರಿಂದ ಬೇಸಿನ್ನಿಗೆ ತಂದ ಒಂದು ಲೀಟರಿನ ಕ್ಯಾನಿನ ಲೆಕ್ಕವನ್ನೂ ಶೆಲ್ಫಿಗೆ ತಂದ ಬಾಟಲಿಗಳ ಲೆಕ್ಕವನ್ನೂ ಬೆರೆಸಬೇಡಿ. ಎರಡಕ್ಕೂ ಪ್ರತ್ಯೇಕ ಇನ್‌ವಾಯ್ಸ್ ಕೇಳಿ ಪಡೆಯಿರಿ. ಶೆಲ್ಫಿನ ಬಾಟಲಿಯನ್ನು ತುರ್ತಿಗೆಂದು ಬೇಸಿನ್ನಿಗೆ ಒಯ್ದರೆ ಪುಸ್ತಕದಲ್ಲಿ ಅಂದೇ ಬರೆದಿಡಿ. ನಿಮ್ಮ ಲೆಕ್ಕಪತ್ರ ನೋಡುವವರಿಗೆ ಆ ಮಾಹಿತಿ ಬೇಕಾಗುತ್ತದೆ.

ಈಗ ರಿಯಾಯಿತಿಯ ವಿಷಯ. ನಮ್ಮ ಉದಾಹರಣೆಯ ಸಲೂನಿನಲ್ಲಿ ಸಲ್ಫೇಟ್ ಇಲ್ಲದ 300 ಮಿಲಿಲೀಟರ್ ಶಾಂಪೂವಿನ ಎಂಆರ್‌ಪಿ 840 ರೂಪಾಯಿ. ಅದರಲ್ಲಿ 40 ರೂಪಾಯಿ ತೆರಿಗೆ, 800 ಮಾರಾಟ ಬೆಲೆ, ತೆರಿಗೆ ಬಿಟ್ಟು ಖರೀದಿ ಬೆಲೆ 600. ಅಂದರೆ ಉಳಿಕೆ 200 ರೂಪಾಯಿ. ಪರಿಚಯದ ಗ್ರಾಹಕಿ ಕೇಳಿದರೆಂದು ಶೇಕಡಾ 10ರಷ್ಟು ಬಿಟ್ಟುಕೊಟ್ಟರೆ ಬಿಲ್ 756 ರೂಪಾಯಿಗೆ ಇಳಿಯುತ್ತದೆ, ತೆರಿಗೆ ಕಳೆದರೆ 720, ಉಳಿಕೆ 120. ಬೆಲೆಯಲ್ಲಿ ಹೋದದ್ದು ಹತ್ತರಲ್ಲಿ ಒಂದು ಪಾಲು, ಲಾಭದಲ್ಲಿ ಹೋದದ್ದು ಐದರಲ್ಲಿ ಎರಡು ಪಾಲು. ಅದರ ಮೇಲೆ ಸ್ಟೈಲಿಸ್ಟಿಗೆ 80 ರೂಪಾಯಿ ಇನ್ಸೆಂಟಿವ್ ಕೊಟ್ಟರೆ ನಿಮಗೆ ಉಳಿಯುವುದು 40. ಟೆಸ್ಟರ್, ಸೋರಿದ ಬಾಟಲಿ, ಅವಧಿ ಮುಗಿದ ಬಾಟಲಿಗಳ ನಷ್ಟವನ್ನು ಆ 40 ರೂಪಾಯಿಯೇ ಹೊರಬೇಕು. ರಿಯಾಯಿತಿ ಕೊಡಲೇಬೇಕೆನಿಸಿದರೆ ಶಾಂಪೂವಿನ ಬೆಲೆಯಲ್ಲಿ ಇಳಿಸುವ ಬದಲು, ಮುಂದಿನ ಭೇಟಿಯಲ್ಲಿ ಒಂದು ಹೇರ್ ವಾಶ್ ಉಚಿತವೆಂದು ಕಾರ್ಡಿನ ಮೇಲೆ ಬರೆದುಕೊಡಿ. ನಿಮಗೆ ತಗಲುವ ಖರ್ಚು ಬಹಳ ಕಡಿಮೆ, ಗ್ರಾಹಕಿ ಮತ್ತೊಮ್ಮೆ ಬರಲು ಕಾರಣವೂ ಆಗುತ್ತದೆ.

ಎಂಆರ್‌ಪಿಗಿಂತ ಒಂದು ರೂಪಾಯಿಯೂ ಹೆಚ್ಚು ಪಡೆಯುವಂತಿಲ್ಲ, ಅದು ಅಪರಾಧ. ಸಲೂನಿನ ಬಳಕೆಗೆಂದೇ ಬರುವ, ಬಿಡಿ ಮಾರಾಟಕ್ಕಲ್ಲವೆಂದು ಮುದ್ರಿಸಿದ ಪ್ಯಾಕ್‌ಗಳನ್ನು ಮಾರಬಾರದು. ದೊಡ್ಡ ಕ್ಯಾನಿನಿಂದ ಸಣ್ಣ ಬಾಟಲಿಗೆ ತುಂಬಿಸಿ ಸಲೂನಿನ ಹೆಸರಿನ ಚೀಟಿ ಅಂಟಿಸಿ ಮಾರುವುದನ್ನು ಕೆಲವೆಡೆ ಕಂಡಿದ್ದೇನೆ. ಲೈಸೆನ್ಸ್ ಇಲ್ಲದೆ ಹಾಗೆ ಮಾಡಿದರೆ ಬಾಟಲಿಯ ಮೇಲೆ ಬ್ಯಾಚ್ ಸಂಖ್ಯೆಯೂ ಇರುವುದಿಲ್ಲ, ಅವಧಿಯ ದಿನಾಂಕವೂ ಇರುವುದಿಲ್ಲ, ಗ್ರಾಹಕರಿಗೆ ತುರಿಕೆ ಬಂದ ದಿನ ಎಲ್ಲ ಹೊಣೆಯೂ ನಿಮ್ಮ ತಲೆಯ ಮೇಲೆಯೇ ಬರುತ್ತದೆ. ಸರಕು ಇಳಿಸಿಕೊಳ್ಳುವಾಗ ಪ್ರತಿ ಬಾಟಲಿಯ ಮೇಲೂ ತಯಾರಕರ ವಿಳಾಸ, ತಯಾರಿಕೆಯ ತಿಂಗಳು ಮತ್ತು ವರ್ಷ, ಬ್ಯಾಚ್ ಸಂಖ್ಯೆ, ಅವಧಿ, ಎಂಆರ್‌ಪಿ ಮತ್ತು ಗ್ರಾಹಕ ಸೇವೆಯ ವಿವರಗಳಿವೆಯೇ ನೋಡಿ. ವಿದೇಶದಿಂದ ಬಂದದ್ದಾದರೆ ಆಮದುದಾರರ ಹೆಸರು ಮತ್ತು ನೋಂದಣಿ ಸಂಖ್ಯೆ ಇರಲೇಬೇಕು. ಇವಿಲ್ಲದ ಬಾಟಲಿ ಎಷ್ಟೇ ಅಗ್ಗವಾಗಿ ಸಿಕ್ಕರೂ ವಾಪಸು ಕಳಿಸಿ.

ಮೂರನೆಯ ಹಂತ: ಸಲಹೆಯನ್ನು ಬಿಲ್ಲಿಂಗ್ ಮೇಜಿನ ಬಳಿ ಆರಂಭಿಸಬೇಡಿ

ಗ್ರಾಹಕಿ ಪರ್ಸ್ ತೆಗೆದು ಹಣ ಕೊಡುವ ಹೊತ್ತಿಗೆ "ಮೇಡಂ, ಒಂದು ಶಾಂಪೂ ತಗೊಳ್ತೀರಾ" ಎಂದು ಕೇಳಿದರೆ ಅದು ಮಾರಾಟವೇ ಹೊರತು ಸಲಹೆಯಲ್ಲ ಎಂಬುದು ಅವರಿಗೆ ತಿಳಿಯುತ್ತದೆ, ಬಹುಪಾಲು ಜನ ಬೇಡವೆಂದೇ ಹೇಳುತ್ತಾರೆ. ಮಾತು ಶುರುವಾಗಬೇಕಾದದ್ದು ಮೈಮೇಲೆ ಬಟ್ಟೆ ಹೊದಿಸುವ ಮೊದಲು, ಕೂದಲು ಒಣಗಿರುವಾಗ. ವಾರಕ್ಕೆ ಎಷ್ಟು ಸಲ ತಲೆ ಸ್ನಾನ ಮಾಡುತ್ತಾರೆ, ಮನೆಗೆ ಯಾವ ನೀರು ಬರುತ್ತದೆ, ಈಗ ಯಾವ ಶಾಂಪೂ ಬಳಸುತ್ತಿದ್ದಾರೆ, ಎಣ್ಣೆ ಹಚ್ಚುತ್ತಾರೆಯೇ, ಹಚ್ಚಿದರೆ ಎಷ್ಟು ಹೊತ್ತು ಬಿಡುತ್ತಾರೆ, ಕೂದಲಿನ ವಿಷಯದಲ್ಲಿ ಅವರಿಗೆ ಹೆಚ್ಚು ಬೇಸರ ತಂದಿರುವುದು ಯಾವುದು ಎಂದು ಕೇಳಿ, ಉತ್ತರಗಳನ್ನು ಗ್ರಾಹಕರ ಪುಸ್ತಕದಲ್ಲಿ ಬರೆದುಕೊಳ್ಳಿ. ಈ ಪ್ರಶ್ನೆಗಳಲ್ಲಿ ಕೊನೆಯದೇ ಮುಖ್ಯವಾದದ್ದು. ಸ್ಟೈಲಿಸ್ಟಿಗೆ ಕಾಣುವ ಸಮಸ್ಯೆ ಬೇರೆ, ಗ್ರಾಹಕಿಯನ್ನು ಕಾಡುವ ಸಮಸ್ಯೆ ಬೇರೆ ಇರುವುದುಂಟು, ಸಲಹೆ ಎರಡನೆಯದಕ್ಕೆ ಹೊಂದಬೇಕು.

ಎರಡನೆಯ ಮಾತು ಬೇಸಿನ್ನಿನ ಬಳಿ ಬರಬೇಕು. ಯಾವ ಶಾಂಪೂ ಹಾಕುತ್ತಿದ್ದೀರಿ, ಏಕೆ ಹಾಕುತ್ತಿದ್ದೀರಿ ಎಂದು ಎರಡು ವಾಕ್ಯಗಳಲ್ಲಿ ಹೇಳಿ ಸುಮ್ಮನಾಗಿ. ಕೂದಲು ಒಣಗಿದ ಮೇಲೆ ಅವರೇ ಬೆರಳಾಡಿಸಿ ನೋಡುತ್ತಾರೆ. ಆಗ ಬಾಟಲಿಯನ್ನು ಶೆಲ್ಫಿನಿಂದ ತೆಗೆದು ಅವರ ಕೈಗೇ ಕೊಡಿ, ಬೆಲೆಯನ್ನು ಕೇಳುವ ಮೊದಲೇ ಹೇಳಿ, ಎಷ್ಟು ಬಳಸಬೇಕು ಮತ್ತು ಎಷ್ಟು ದಿನ ಬರುತ್ತದೆ ಎಂಬುದನ್ನೂ ತಿಳಿಸಿ.

ಎಷ್ಟು ದಿನ ಬರುತ್ತದೆ ಎಂಬ ಲೆಕ್ಕಕ್ಕೆ ಹೆಚ್ಚಿನ ಸಲೂನುಗಳು ಗಮನ ಕೊಡುವುದಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಸಲಹೆಯ ತಿರುಳು ಅದೇ. ಭುಜದವರೆಗಿನ ಕೂದಲಿಗೆ ಒಂದು ತೊಳೆತಕ್ಕೆ ಸುಮಾರು 10 ಮಿಲಿಲೀಟರ್, ಅಂದರೆ ಎರಡು ಟೀ ಚಮಚ ಶಾಂಪೂ ಸಾಕು ಎಂದು ಹಿಡಿದರೆ 300 ಮಿಲಿಲೀಟರಿನ ಬಾಟಲಿ ಮೂವತ್ತು ಸಲಕ್ಕೆ ಬರುತ್ತದೆ. ವಾರಕ್ಕೆ ಎರಡು ಸಲ ತೊಳೆಯುವವರಿಗೆ ಅದು ಹದಿನೈದು ವಾರ, ಅಂದರೆ ಮೂರೂವರೆ ತಿಂಗಳು; ಒಂದು ತೊಳೆತಕ್ಕೆ ಬೀಳುವುದು 28 ರೂಪಾಯಿ. 840 ರೂಪಾಯಿ ಎಂದಾಗ ಹಿಂಜರಿಯುವವರಿಗೆ 28 ರೂಪಾಯಿ ಎಂದರೆ ತಮಗೆ ಹೊಂದುತ್ತದೆಯೇ ಇಲ್ಲವೇ ಎಂದು ತೀರ್ಮಾನಿಸುವುದು ಸುಲಭವಾಗುತ್ತದೆ. ಅವರ ಕೂದಲು ಸೊಂಟದವರೆಗಿದ್ದು ಒಮ್ಮೆಗೆ 20 ಮಿಲಿಲೀಟರ್ ಬೇಕಾದರೆ ಅದು 56 ರೂಪಾಯಿಯಾಗುತ್ತದೆ. ಅದನ್ನೂ ಮುಚ್ಚಿಡದೆ ಹೇಳಬೇಕು. ಸಣ್ಣ ಸಂಖ್ಯೆಯನ್ನು ಹೇಳಿ ಮಾರಿದ ಬಾಟಲಿ ಏಳು ವಾರಕ್ಕೇ ಮುಗಿದಾಗ ಆ ಗ್ರಾಹಕಿ ನಿಮ್ಮ ಮುಂದಿನ ಮಾತನ್ನು ನಂಬುವುದಿಲ್ಲ.

ಕೊಂಡ ದಿನಾಂಕವನ್ನು ಪುಸ್ತಕದಲ್ಲಿ ಬರೆದಿದ್ದರೆ ಬಾಟಲಿ ಮುಗಿಯುವ ಸಮಯ ನಿಮಗೆ ಮೊದಲೇ ಗೊತ್ತಿರುತ್ತದೆ. ಹದಿನಾಲ್ಕನೆಯ ವಾರದ ಸುಮಾರಿಗೆ "ಶಾಂಪೂ ಹೊಂದಿಕೊಂಡಿತೇ, ಏನಾದರೂ ತೊಂದರೆಯಾಯಿತೇ" ಎಂದು ಒಂದು ವಾಟ್ಸಾಪ್ ಸಂದೇಶ ಕಳಿಸಿ. ಕೊಳ್ಳಿರೆಂದು ಅದರಲ್ಲಿ ಬರೆಯಬೇಡಿ. ಹೊಂದಿಕೊಂಡಿಲ್ಲವೆಂಬ ಉತ್ತರ ಬಂದರೆ ಅದೂ ನಿಮಗೆ ಬೇಕಾದ ಮಾಹಿತಿಯೇ, ಬೇಡದ ಉತ್ಪನ್ನವನ್ನು ಶೆಲ್ಫಿನಿಂದ ತೆಗೆಯಲು ಅದೇ ಆಧಾರ.

ನಾಲ್ಕನೆಯ ಹಂತ: ಉದುರುವ ಕೂದಲಿನ ಮುಂದೆ ನಿಂತಾಗ

ಸಲೂನಿಗೆ ಬರುವ ದೂರುಗಳಲ್ಲಿ ಅತಿ ಹೆಚ್ಚು ಕೇಳಿಬರುವುದು ಕೂದಲು ಉದುರುವುದರ ದೂರು. ಅನಗತ್ಯ ಬಾಟಲಿಗಳು ಹೆಚ್ಚಾಗಿ ಮಾರಾಟವಾಗುವುದೂ ಈ ದೂರಿನ ಹೆಸರಿನಲ್ಲೇ. ಹಾಗಾಗಿ ಒಂದು ಪ್ರಸಂಗವನ್ನು ವಿವರವಾಗಿ ನೋಡುವುದು ಒಳ್ಳೆಯದು.

ಐದು ತಿಂಗಳ ಹಿಂದೆ ಸ್ಮೂತನಿಂಗ್ ಮಾಡಿಸಿಕೊಂಡಿದ್ದ ಗ್ರಾಹಕಿಯೊಬ್ಬರು ಬಂದು, "ಬಾಚಿದಾಗೆಲ್ಲ ಕೈತುಂಬ ಬರ್ತಿದೆ ಮೇಡಂ, ಗಟ್ಟಿಯಾಗೋ ಶಾಂಪೂ ಏನಾದ್ರೂ ಇದ್ರೆ ಕೊಡಿ" ಎನ್ನುತ್ತಾರೆ. ಸ್ಟೈಲಿಸ್ಟ್ ಶೆಲ್ಫಿನತ್ತ ಹೋಗುವ ಮೊದಲು ಬಾಚಣಿಗೆಯಲ್ಲಿ ಸಿಕ್ಕ ಏಳೆಂಟು ಕೂದಲುಗಳನ್ನು ಬಿಡಿಸಿ ಕಪ್ಪು ಟವೆಲ್ಲಿನ ಮೇಲೆ ಹರಡಿ, ದೀಪದ ಕೆಳಗೆ ಒಂದೊಂದರ ತುದಿಯನ್ನೂ ನೋಡಬೇಕು. ಉದ್ದನೆಯ ಕೂದಲಿನ ಒಂದು ತುದಿಯಲ್ಲಿ ಸಾಸಿವೆಗಿಂತಲೂ ಸಣ್ಣದಾದ ಬಿಳಿ ಗಂಟು ಕಂಡರೆ ಆ ಕೂದಲು ಬುಡದಿಂದ ಬಂದಿದೆ. ಗಂಟಿಲ್ಲದೆ, ಬೇರೆ ಬೇರೆ ಉದ್ದದ ತುಂಡುಗಳಾಗಿದ್ದು ತುದಿ ಸೀಳಿದ್ದರೆ ಅದು ನಡುವೆ ತುಂಡಾದ ಕೂದಲು. ತುಂಡಾಗುವ ಕೂದಲಿಗೆ ಸಲೂನಿನಲ್ಲಿ ಉಪಾಯವಿದೆ: ಮೃದುವಾದ ಶಾಂಪೂ, ಪ್ರತಿ ತೊಳೆತದ ನಂತರ ಕಂಡೀಷನರ್, ಐರನಿಂಗ್ ಕಡಿಮೆ ಮಾಡುವುದು, ಸೀಳಿದ ತುದಿಗಳನ್ನು ಟ್ರಿಮ್ ಮಾಡಿಸುವುದು. ಬುಡದಿಂದ ಉದುರುವ ಕೂದಲಿಗೆ ಶೆಲ್ಫಿನಲ್ಲಿರುವ ಯಾವ ಶಾಂಪೂವೂ ಉಪಾಯವಲ್ಲ.

ಇವರ ವಿಷಯದಲ್ಲಿ ಬಹುತೇಕ ಎಲ್ಲ ಕೂದಲುಗಳಿಗೂ ಬಿಳಿ ಗಂಟಿತ್ತು. "ಎರಡು ಮೂರು ತಿಂಗಳ ಹಿಂದೆ ಜ್ವರ ಏನಾದ್ರೂ ಬಂದಿತ್ತಾ ಮೇಡಂ?" ಎಂದು ಕೇಳಿದಾಗ, "ಡೆಂಗಿ ಬಂದಿತ್ತಲ್ಲ, ಹತ್ತು ದಿನ ಮಲಗಿದ್ದೆ" ಎಂಬ ಉತ್ತರ ಬಂತು. ತೀವ್ರ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ ಅಥವಾ ತೂಕ ಇಳಿಸಲು ಮಾಡುವ ಕಠಿಣ ಪಥ್ಯದ ನಂತರ ಎರಡು ಮೂರು ತಿಂಗಳಿಗೆ ಕೂದಲು ಒಟ್ಟಿಗೆ ಉದುರುವುದು ಸಾಮಾನ್ಯ. ಸಾಮಾನ್ಯವಾಗಿ ಅದು ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ, ಕೂದಲು ಮತ್ತೆ ಬೆಳೆಯುತ್ತದೆ. ಇಲ್ಲಿ ಒಳ್ಳೆಯ ಸ್ಟೈಲಿಸ್ಟ್ ಹೇಳಬೇಕಾದದ್ದು ಇಷ್ಟು: "ಇದು ಜ್ವರದಿಂದ ಆಗಿರೋ ಹಾಗೆ ಕಾಣ್ತಿದೆ ಮೇಡಂ, ಇದಕ್ಕೆ ಶಾಂಪೂ ಬದಲಾಯಿಸಿ ಪ್ರಯೋಜನ ಇಲ್ಲ. ಒಂದ್ಸಲ ಚರ್ಮದ ಡಾಕ್ಟರಿಗೆ ತೋರಿಸಿ, ರಕ್ತ ಕಡಿಮೆ ಇದೆಯಾ, ಥೈರಾಯ್ಡ್ ಇದೆಯಾ ಅಂತ ಅವರು ನೋಡ್ತಾರೆ. ಈಗ ಮನೇಲಿರೋ ಶಾಂಪೂ ಮುಗಿಯೋವರೆಗೂ ಅದನ್ನೇ ಬಳಸಿ." ಅಂದು 200 ರೂಪಾಯಿಯ ಉಳಿಕೆ ಹೋಯಿತು. ಅದೇ ಶಾಂಪೂವನ್ನು ಕೂದಲು ಉದುರುವಿಕೆಗೆಂದು ಮಾರಿದ್ದರೆ ಎರಡು ಸಾಧ್ಯತೆಗಳಿದ್ದವು. ಉದುರುವುದು ತಾನಾಗಿ ನಿಂತಾಗ ಶಾಂಪೂವಿನಿಂದಲೇ ನಿಂತಿತೆಂದು ಅವರು ತಪ್ಪಾಗಿ ನಂಬಿ ಮುಂದೆಂದೋ ರಕ್ತಹೀನತೆಯಿಂದ ಉದುರಿದಾಗಲೂ ಶಾಂಪೂವನ್ನೇ ಹುಡುಕುತ್ತಿದ್ದರು. ಇಲ್ಲವೇ ಮೊದಲ ತಿಂಗಳಲ್ಲೇ ಫಲ ಕಾಣದೆ ನಿಮ್ಮ ಸಲೂನನ್ನೇ ಬಿಡುತ್ತಿದ್ದರು. ಎರಡರಲ್ಲಿ ಯಾವುದಾದರೂ ಅವರಿಗೆ ಅನ್ಯಾಯವೇ.

ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜವೆಂಬುದನ್ನೂ ಹೇಳಬೇಕು. ವಾರಕ್ಕೊಮ್ಮೆ ಮಾತ್ರ ತಲೆ ಸ್ನಾನ ಮಾಡುವವರಿಗೆ ಆ ವಾರದ ಸಡಿಲ ಕೂದಲುಗಳು ಅಂದೇ ಒಟ್ಟಿಗೆ ಕೈಗೆ ಬರುವುದರಿಂದ ಗಾಬರಿಯಾಗುತ್ತದೆ. ನಾಣ್ಯದಷ್ಟು ಅಗಲಕ್ಕೆ ನುಣ್ಣಗೆ ಬೋಳಾದ ಜಾಗ, ಕೀವು, ನೋವು, ಬೈತಲೆ ದಿನೇ ದಿನೇ ಅಗಲವಾಗುವುದು ಇವುಗಳಲ್ಲಿ ಯಾವುದು ಕಂಡರೂ ಏನನ್ನೂ ಮಾರದೆ ವೈದ್ಯರ ಬಳಿ ಕಳಿಸಿ. ಬೋಳುತಲೆಗೆ ಕೂದಲು ಬರಿಸುತ್ತದೆ, ಬಿಳಿ ಕೂದಲನ್ನು ಕಪ್ಪಾಗಿ ಬೆಳೆಯುವಂತೆ ಮಾಡುತ್ತದೆ ಎಂಬ ಮಾತು ಸಲೂನಿನಲ್ಲಿ ಯಾರ ಬಾಯಿಂದಲೂ ಬರಬಾರದು.

ಗಡಸು ನೀರಿನ ಮಾತನ್ನೂ ಅಳತೆಯಲ್ಲಿಡಬೇಕು. ಬೋರ್ ನೀರಿನಿಂದಲೇ ಕೂದಲು ಬುಡಸಮೇತ ಉದುರುತ್ತದೆ ಎಂದು ಹೆದರಿಸಿ ಕ್ಲಾರಿಫೈಯಿಂಗ್ ಶಾಂಪೂ ಮಾರುವುದು ಸುಲಭ, ಆದರೆ ಅದು ಸರಿಯಲ್ಲ. ಗಡಸು ನೀರಿನಿಂದ ಕೂದಲು ಒರಟಾಗುತ್ತದೆ, ಮಂಕಾಗುತ್ತದೆ, ಶಾಂಪೂ ಸರಿಯಾಗಿ ನೊರೆ ಬರುವುದಿಲ್ಲ, ಹೇಳಬೇಕಾದದ್ದು ಅಷ್ಟೇ. ಆ ಶಾಂಪೂವನ್ನು ವಾರವಾರ ಬಳಸಿದರೆ ಕಲರ್ ಬೇಗ ಹೋಗುತ್ತದೆ ಎಂಬುದನ್ನೂ ಜೊತೆಗೇ ತಿಳಿಸಿ.

ಹೊಟ್ಟಿಗೆ ಜಿಂಕ್ ಪೈರಿಥಿಯಾನ್ ಇರುವ ಶಾಂಪೂ ಕೊಡುವಾಗ, ಬುಡಕ್ಕೆ ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕೆಂದು ಹೇಳದಿದ್ದರೆ ಆ ಬಾಟಲಿ ದಂಡ. ಅನೇಕರು ಹಚ್ಚಿದ ತಕ್ಷಣ ತೊಳೆದುಬಿಡುತ್ತಾರೆ. ಹೊಟ್ಟು ಇರುವಾಗ ರಾತ್ರಿಯಿಡೀ ಎಣ್ಣೆ ಬಿಡುವುದು ಒಳ್ಳೆಯದಲ್ಲ ಎಂಬ ಮಾತನ್ನು ಮಾತ್ರ ಮೃದುವಾಗಿ ಹೇಳಬೇಕಾಗುತ್ತದೆ, ಏಕೆಂದರೆ ನಮ್ಮ ಮನೆಗಳಲ್ಲಿ ಅಮ್ಮ, ಅಜ್ಜಿಯರು ಅದಕ್ಕೆ ವಿರುದ್ಧವಾಗಿಯೇ ಹೇಳಿಕೊಟ್ಟಿರುತ್ತಾರೆ. ನಾಲ್ಕು ವಾರ ಸರಿಯಾಗಿ ಬಳಸಿಯೂ ಕಡಿಮೆಯಾಗದಿದ್ದರೆ ಎರಡನೆಯ ಬಾಟಲಿ ಮಾರಬೇಡಿ, ವೈದ್ಯರನ್ನು ಕಾಣಲು ಹೇಳಿ. ಔಷಧದ ಶಾಂಪೂ, ಮಿನಾಕ್ಸಿಡಿಲ್, ಸ್ಟೀರಾಯ್ಡ್ ಬೆರೆತ ಮುಖದ ಕ್ರೀಮು ಇವು ಔಷಧದ ಅಂಗಡಿಯ ಸರಕು. ಗ್ರಾಹಕರು ಎಷ್ಟೇ ಕೇಳಿದರೂ ಸಲೂನಿನ ಶೆಲ್ಫಿನಲ್ಲಿ ಇಡಬಾರದು. ಮನೆಯಲ್ಲಿ ಹಚ್ಚಿಕೊಳ್ಳುವ ಹೇರ್ ಕಲರ್ ಮಾರುವುದಾದರೆ ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡುವ ಪ್ಯಾಚ್ ಟೆಸ್ಟನ್ನು ಪ್ರತಿ ಸಲವೂ ವಿವರಿಸಿ, ವಿವರಿಸಿದ್ದನ್ನು ಪುಸ್ತಕದಲ್ಲಿ ಬರೆಯಿರಿ.

ಐದನೆಯ ಹಂತ: ಇನ್ಸೆಂಟಿವ್ ಸಲಹೆಯನ್ನು ಕೆಡಿಸದಂತೆ ನೋಡಿಕೊಳ್ಳಿ

ಪ್ರತಿ ಬಾಟಲಿಗೆ ಇಂತಿಷ್ಟು ಎಂದು ಕೊಟ್ಟರೆ ಸ್ಟೈಲಿಸ್ಟಿನ ಕಣ್ಣು ಗ್ರಾಹಕಿಯ ಕೂದಲಿನಿಂದ ಶೆಲ್ಫಿನ ಕಡೆಗೆ ತಿರುಗುತ್ತದೆ. ಹುಡುಗಿಯರನ್ನು ದೂರಿ ಫಲವಿಲ್ಲ, ಅವರ ಸಂಬಳಕ್ಕೆ ಆ ಹಣ ದೊಡ್ಡದೇ. ನಾನು ಸೂಚಿಸುವ ಕ್ರಮ ಹೀಗಿದೆ: ಮೊದಲ ಬಾಟಲಿಗೆ ತೆರಿಗೆ ಬಿಟ್ಟ ಬೆಲೆಯ ಶೇಕಡಾ 5, ಅದೇ ಗ್ರಾಹಕಿ ಅದೇ ಉತ್ಪನ್ನವನ್ನು ಮತ್ತೆ ಕೊಂಡಾಗ ಶೇಕಡಾ 10. ನಮ್ಮ 800 ರೂಪಾಯಿಯ ಶಾಂಪೂವಿಗೆ ಅದು ಮೊದಲು 40, ಆಮೇಲೆ 80 ರೂಪಾಯಿ. ಎರಡೂ ಬಾಟಲಿಗಳನ್ನು ಸೇರಿಸಿದರೆ ಸಲೂನಿಗೆ 400ರಲ್ಲಿ 280 ಉಳಿಯುತ್ತದೆ. ಹೊಂದದ ಬಾಟಲಿಯನ್ನು ಮಾರಿದವಳಿಗೆ 40 ರೂಪಾಯಿಗಿಂತ ಹೆಚ್ಚು ಬರುವುದಿಲ್ಲ, ಸರಿಯಾಗಿ ನೋಡಿ ಹೇಳಿದವಳಿಗೆ ಪ್ರತಿ ಮೂರೂವರೆ ತಿಂಗಳಿಗೊಮ್ಮೆ 80 ಬರುತ್ತಿರುತ್ತದೆ. ಯಾವುದೋ ಒಂದು ಉತ್ಪನ್ನವನ್ನೇ ತಳ್ಳಲು ಕಂಪನಿಯವರು ನೇರವಾಗಿ ಸ್ಟೈಲಿಸ್ಟಿಗೆ ಕೊಡುವ ಉಡುಗೊರೆ, ಹಣಗಳಿಗೆ ಒಪ್ಪಬೇಡಿ. ದಿನಕ್ಕೆ ಇಷ್ಟು ಬಾಟಲಿ ಎಂಬ ಟಾರ್ಗೆಟ್ ಇಡುವ ಬದಲು, ದಿನಕ್ಕೆ ಎಷ್ಟು ಗ್ರಾಹಕರ ವಿವರ ಪುಸ್ತಕದಲ್ಲಿ ಪೂರ್ಣವಾಗಿ ಬರೆಯಲಾಗಿದೆ ಎಂದು ನೋಡಿ.

ಆರನೆಯ ಹಂತ: ಆನ್‌ಲೈನ್ ಬೆಲೆ, ವಾಪಸು, ತುರಿಕೆ

"ಇದೇ ಶಾಂಪೂ ಆನ್‌ಲೈನ್‌ನಲ್ಲಿ 720ಕ್ಕೆ ಸಿಗ್ತಿದೆಯಲ್ಲ" ಎಂದು ಗ್ರಾಹಕಿ ಫೋನ್ ತೋರಿಸಿದಾಗ, ಅಲ್ಲಿ ಸಿಗುವುದೆಲ್ಲ ಡೂಪ್ಲಿಕೇಟ್ ಎನ್ನುವುದು ಸುಳ್ಳು. ಕಡಿಮೆ ಬೆಲೆ ಇರುವುದು ನಿಜವೆಂದು ಒಪ್ಪಿ, ಮಾರುವವರು ಯಾರು, ಸೀಲ್ ಇದೆಯೇ, ಅವಧಿ ಎಷ್ಟಿದೆ ನೋಡಿ ತರಿಸಿ ಎಂದು ಹೇಳಿ. ನಿಮ್ಮಲ್ಲಿ ಕೊಂಡರೆ ಏನು ಹೆಚ್ಚು ಸಿಗುತ್ತದೆ ಎಂಬುದನ್ನೂ ಹೇಳಬಹುದು: ತಮ್ಮ ಕೂದಲಿನ ಮೇಲೆ ಮೊದಲೇ ಬಳಸಿ ನೋಡಿದ ವಸ್ತು, ಮತ್ತು ಹೊಂದದಿದ್ದರೆ ಹದಿನೈದು ದಿನಗಳೊಳಗೆ ವಾಪಸು. ತೆರೆದ ಬಾಟಲಿಯನ್ನು ವಾಪಸು ತೆಗೆದುಕೊಳ್ಳುವುದು ನಷ್ಟವೆನಿಸಬಹುದು, ಆದರೆ ಮೂರನೆಯ ಹಂತದ ಪ್ರಶ್ನೆಗಳನ್ನು ಕೇಳಿ ಮಾರಿದ ಬಾಟಲಿಗಳು ಹಾಗೆ ಹಿಂದಿರುಗುವುದು ಅಪರೂಪ. ಹಿಂದಿರುಗಿದ ಬಾಟಲಿಯನ್ನು ಯಾವ ಕಾರಣಕ್ಕೂ ಮತ್ತೆ ಮಾರಬೇಡಿ.

ಬಳಸಿದ ಮೇಲೆ ಉರಿ, ತುರಿಕೆ, ಕೆಂಪು ಗಂಧೆ ಬಂದಿದೆ ಎಂದು ಫೋನ್ ಬಂದರೆ ವಾದಿಸಲು ಹೋಗದೆ, ತಕ್ಷಣ ಬಳಕೆ ನಿಲ್ಲಿಸಿ ಬರಿ ನೀರಿನಲ್ಲಿ ಚೆನ್ನಾಗಿ ತೊಳೆಯಲು ಹೇಳಿ. ಮುಖ ಅಥವಾ ಕಣ್ಣು ಊದಿಕೊಂಡಿದ್ದರೆ, ಉಸಿರಾಟಕ್ಕೆ ತೊಂದರೆಯಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಾಟಲಿಯನ್ನು ಎಸೆಯದಂತೆ ತಿಳಿಸಿ, ಬ್ಯಾಚ್ ಸಂಖ್ಯೆಯನ್ನು ಬರೆದುಕೊಂಡು ಡಿಸ್ಟ್ರಿಬ್ಯೂಟರಿಗೆ ಲಿಖಿತವಾಗಿ ದೂರು ಕೊಡಿ. ಹಣವನ್ನು ಅಂದೇ ಹಿಂದಿರುಗಿಸಿ.

ತಿಂಗಳ ಕೊನೆಯ ಎಣಿಕೆ

ತಿಂಗಳ ಕೊನೆಯ ದಿನ ಶೆಲ್ಫನ್ನು ಒರೆಸಿ, ಬಾಟಲಿಗಳನ್ನು ಎಣಿಸಿ, ಹೊಸದನ್ನು ಹಿಂದಕ್ಕೂ ಹಳೆಯದನ್ನು ಮುಂದಕ್ಕೂ ಜೋಡಿಸಿ. ಪ್ರತಿ ಉತ್ಪನ್ನದ ಎದುರು ಮೂರು ಸಂಖ್ಯೆಗಳನ್ನು ಬರೆಯಿರಿ: ಈ ತಿಂಗಳು ಹೊಸಬರು ಕೊಂಡದ್ದು ಎಷ್ಟು, ಹಳಬರು ಮತ್ತೆ ಕೊಂಡದ್ದು ಎಷ್ಟು, ಉಳಿದದ್ದು ಎಷ್ಟು. ಆರು ತಿಂಗಳಾದರೂ ಎರಡನೆಯ ಸಂಖ್ಯೆ ಸೊನ್ನೆಯಾಗಿಯೇ ಇರುವ ಶಾಂಪೂ ಹೊಸಬರಿಗೆ ಎಷ್ಟೇ ಚೆನ್ನಾಗಿ ಮಾರಾಟವಾಗುತ್ತಿದ್ದರೂ ಅದರಲ್ಲಿ ಏನೋ ದೋಷವಿದೆ, ಇಲ್ಲವೇ ಅದನ್ನು ತಪ್ಪು ಜನರಿಗೆ ಕೊಡಲಾಗುತ್ತಿದೆ. ಕೊಂಡ ನಾಲ್ಕೈದು ಜನರಿಗೆ ಫೋನ್ ಮಾಡಿ ಕೇಳಿ, ಕಾರಣ ತಿಳಿಯುವವರೆಗೆ ಅದರ ಹೊಸ ಆರ್ಡರ್ ನಿಲ್ಲಿಸಿ. ಅವಧಿ ಮುಗಿಯಲು ಆರು ತಿಂಗಳು ಉಳಿದಿರುವ ಬಾಟಲಿಗಳನ್ನು ಡಿಸ್ಟ್ರಿಬ್ಯೂಟರ್ ಬದಲಾಯಿಸಿ ಕೊಡುತ್ತಾನೆಯೇ ಎಂದು ಮೊದಲ ಆರ್ಡರಿಗೂ ಮುಂಚೆಯೇ ಕೇಳಿ ಲಿಖಿತವಾಗಿ ಪಡೆದಿರಬೇಕು. ಬದಲಾಯಿಸದಿದ್ದರೆ ಅವನ್ನು ಬೇಸಿನ್ನಿನಲ್ಲಿ ಬಳಸಿ ಮುಗಿಸಿ, ಆ ಖರ್ಚನ್ನು ಶೆಲ್ಫಿನ ಲೆಕ್ಕದಲ್ಲೇ ಬರೆಯಿರಿ. ಮೂರೂವರೆ ತಿಂಗಳು ಬರುವ ಬಾಟಲಿಯನ್ನು ಅವಧಿಗೆ ಎರಡೇ ತಿಂಗಳಿರುವಾಗ ರಿಯಾಯಿತಿಯಲ್ಲಿ ಗ್ರಾಹಕರ ಕೈಗೆ ಕೊಡಬೇಡಿ.